ಸಿಕ್ಕಿಕೊಂಡ ಹಾಳೆ

ಯಂತ್ರಗಳಿಗೂ ಮುನಿಸುಂಟೆಂದು ನಂಬುವವರ ಪೈಕಿ ನಾನಲ್ಲ. ಆದರೂ ಪರೀಕ್ಷೆಯ ಅರ್ಜಿಗೆ ಕಡೆಯ ದಿನ ಬಂದಿತೆಂದರೆ, ನಮ್ಮ ಕಾಲೇಜಿನ ಎದುರಿಗಿರುವ ಸೈಬರ್ ಕೆಫೆಯ ಪ್ರಿಂಟರು ಮುನಿಯದೆ ಇದ್ದುದನ್ನು ಕಾಣೆ.

ಕಳೆದ ಆಷಾಢದ ಮಾತು. ಮಲೆನಾಡಿನ ಮಳೆ ಸೂರಿನ ಮೇಲೆ ಕುಣಿಯುತ್ತಿತ್ತು. ಅರ್ಜಿಯನ್ನು ಕಂಪ್ಯೂಟರಿನಲ್ಲಿ ತುಂಬಿ ಶುಲ್ಕ ಕಟ್ಟಿದ ಮಾತ್ರಕ್ಕೆ ಕೆಲಸ ಮುಗಿಯದು. ಮುದ್ರಿತ ಪ್ರತಿಗೆ ಪ್ರಾಂಶುಪಾಲರ ರುಜು ಬಿದ್ದು, ಐದು ಗಂಟೆಯೊಳಗೆ ಅದು ಕಚೇರಿ ಸೇರಬೇಕು. ನಾಲ್ಕು ಗಂಟೆಗೆ ಅಂಗಡಿಯಲ್ಲಿ ಇಪ್ಪತ್ತು ಮಂದಿ ವಿದ್ಯಾರ್ಥಿಗಳು. ಆಗಲೇ ಪ್ರಿಂಟರು ಹಾಳೆಯೊಂದನ್ನು ಅರ್ಧ ನುಂಗಿ ನಿಂತಿತು.

ಅಂಗಡಿಯ ಯಜಮಾನರು ಮೊದಲು ಪ್ರಿಂಟರಿನ ಬಳಿ ಸುಳಿಯಲೇ ಇಲ್ಲ. ಕಂಪ್ಯೂಟರಿನ ಮುಂದೆ ಕುಳಿತು, ಸರದಿಯಲ್ಲಿದ್ದ ಪ್ರತಿಗಳನ್ನೆಲ್ಲ ಅಳಿಸಿದರು. ಗಾಬರಿಯಲ್ಲಿ ಹುಡುಗರು ಪದೇ ಪದೇ ಗುಂಡಿ ಒತ್ತಿದ್ದರು. ಹಾಗೆಯೇ ಬಿಟ್ಟಿದ್ದರೆ ಯಂತ್ರ ಎಚ್ಚತ್ತೊಡನೆ ಒಂದೇ ಅರ್ಜಿಯನ್ನು ಹತ್ತು ಸಲ ಕಕ್ಕುತ್ತಿತ್ತು. ಆಮೇಲೆ ವಿದ್ಯುತ್ತನ್ನು ಆರಿಸಿ, ಮುಚ್ಚಳ ತೆರೆದು, ಶಾಯಿಪುಡಿಯ ಟೋನರನ್ನು ಹೊರತೆಗೆದು ಬೆಳಕು ತಾಗದಂತೆ ಹಳೆಯ ಪತ್ರಿಕೆಯಲ್ಲಿ ಸುತ್ತಿಟ್ಟರು. ಹಾಳೆಯನ್ನು ಎರಡು ಕೈಯಿಂದ, ಅದು ಸಾಗುವ ದಿಕ್ಕಿಗೇ ಮೆಲ್ಲನೆ ಎಳೆದರು. ಆದರೂ ಹರಿಯಿತು.

ಅವರು ಚೂರುಗಳನ್ನು ಮೇಜಿನ ಮೇಲೆ ಜೋಡಿಸಿದ ಪರಿ, ನಾವು ಹರಿದ ಓಲೆಗರಿಗೆ ಪಾಠ ಕೂಡಿಸುವಂತಿತ್ತು. ಹೆಬ್ಬೆರಳಿನಷ್ಟಗಲದ ಮೂಲೆಯೊಂದು ಕಾಣೆಯಾಗಿತ್ತು.

"ಸಾರ್, ಇದು ಒಳಗೇ ಇದೆ. ಇದು ಸಿಗದೆ ಇನ್ನೊಂದು ಹಾಳೆ ಹಾಕಿದರೆ ಅದೂ ಅಲ್ಲೇ ನಿಲ್ಲುತ್ತದೆ" ಎಂದರು.

ಪುಡಿಯನ್ನು ಕಾಗದಕ್ಕೆ ಕರಗಿಸಿ ಅಂಟಿಸುವ ಬಿಸಿಯ ಭಾಗ ಹಿಂಬದಿಯಲ್ಲಿದೆ. ಅದು ಕೈ ಸುಡುವಷ್ಟು ಕಾದಿತ್ತು. ಅದು ಆರುವವರೆಗೆ ಯಜಮಾನರು ಸುಮ್ಮನಿರಲಿಲ್ಲ. ಬಸ್ಸಿಗೆ ಹೋಗಬೇಕಾದವರ ಅರ್ಜಿಗಳನ್ನು ಪೆನ್ ಡ್ರೈವಿಗೆ ಹಾಕಿ, ತಮ್ಮ ಪ್ರತಿಸ್ಪರ್ಧಿಯ ಅಂಗಡಿಗೇ ಕಳುಹಿಸಿದರು! ವ್ಯಾಪಾರದಲ್ಲಿ ಇಂಥ ಔದಾರ್ಯವನ್ನು ನಾನು ಹೆಚ್ಚಾಗಿ ಕಂಡವನಲ್ಲ.

ಟಾರ್ಚಿನ ಬೆಳಕಿನಲ್ಲಿ ಚೂರು ದೊರೆಯಿತು. ಆದರೆ ಮರುಹಾಳೆಯೂ ಅಲ್ಲಿಯೇ ಬೀಸಣಿಗೆಯಂತೆ ಮಡಿಚಿ ನಿಂತಿತು. ಯಜಮಾನರು ಟ್ರೇಯಿಂದ ಹಾಳೆಯೊಂದನ್ನು ಎತ್ತಿ ಕೆನ್ನೆಗೆ ಒತ್ತಿಕೊಂಡರು. ತಣ್ಣಗಿತ್ತು, ಅಂಚು ಸುರುಳಿಯಾಗಿತ್ತು.

"ಟ್ರೇಯ ಬಾಯಲ್ಲೇ ನಿಂತರೆ ರಬ್ಬರ್ ಉರುಳೆ ಸವೆದಿದೆ ಅನ್ನಬಹುದು. ಇದು ಒಳಗೆ ಹೋಗಿ ಮಡಿಚಿದೆ. ಕಾಗದ ಶೀತ ಹಿಡಿದಿದೆ, ಸಾರ್."

ಬೆಳಿಗ್ಗೆ ಒಡೆದ ರೀಮು ಕಿಟಕಿಯಡಿ, ನೆಲದ ಮೇಲೆ ದಿನವಿಡೀ ತೆರೆದೇ ಬಿದ್ದಿತ್ತು. ಬೀರುವಿನೊಳಗಿನ ಹೊಸ ರೀಮು ಬಂದಿತು. ಹಾಳೆಗಳನ್ನು ಬಿಡಿಬಿಡಿಯಾಗುವಂತೆ ಬೀಸಿ, ಟ್ರೇಯನ್ನು ಅರ್ಧವಷ್ಟೇ ತುಂಬಿದರು. ನಾಲ್ಕೂ ಮುಕ್ಕಾಲಿಗೆ ಮೊದಲ ಅರ್ಜಿ ಬೆಚ್ಚಗೆ ಹೊರಬಂದಿತು.

ಕಡೆಯ ಹುಡುಗಿಯ ಕೈಯಲ್ಲಿ ಕೊಡೆಯಿರಲಿಲ್ಲ. ಖಾಲಿಯಾದ ರೀಮಿನ ಹೊದಿಕೆಯಲ್ಲಿ ಅರ್ಜಿಯನ್ನು ಸುತ್ತಿ ಕೊಟ್ಟು, "ಓಡಮ್ಮ, ದುಡ್ಡು ನಾಳೆ ಕೊಡುವಿಯಂತೆ" ಎಂದರು. ಶೀತ ಹಿಡಿದ ಹಾಳೆಗಳನ್ನು ಅವರು ಬಿಸಾಡಲಿಲ್ಲ. ಸಾಲದ ಲೆಕ್ಕ ಬರೆಯಲು ಬೀರುವಿನ ಮೇಲಿಟ್ಟರು.