ಸಂತಾಪದ ಮೂರು ಸಾಲು

1956ರವರೆಗೆ ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳು ಹೈದರಾಬಾದ್ ರಾಜ್ಯದಲ್ಲಿದ್ದವು. ಆ ಸೀಮೆಯ ಕುಟುಂಬಗಳು ಇಂದಿಗೂ ಈ ನಗರದಲ್ಲಿವೆ. ಅಂಥದೊಂದು ಲಿಂಗಾಯತ ಮನೆಯ ಹಿರಿಯರು ತೀರಿಕೊಂಡಾಗ, ಮಗನ ಸಹೋದ್ಯೋಗಿಗಳು ಇಂಗ್ಲಿಷಿನಲ್ಲಿ ಮೂರು ಸಾಲು ಬರೆದರು. ಕನ್ನಡ ಮಾತ್ರ ಬಲ್ಲ ಅವರ ತಾಯಿಗಾಗಿ ಅವನ್ನು ಅನುವಾದಿಸುವ ಕೆಲಸ ನಮ್ಮ ಪಾಲಿಗೆ ಬಂತು.

‘ನಿಮ್ಮ ನಷ್ಟಕ್ಕೆ ವಿಷಾದಿಸುತ್ತೇವೆ’ ಎಂಬುದು ಮೊದಲ ಸಾಲಿನ ಪದಶಃ ಅರ್ಥ. ನಷ್ಟವೆಂದರೆ ನಮ್ಮಲ್ಲಿ ವ್ಯಾಪಾರದ ಮಾತು. ‘ನಿಮ್ಮ ಯಜಮಾನರು ಲಿಂಗೈಕ್ಯರಾದ ಸುದ್ದಿ ಕೇಳಿ ನಮಗೆಲ್ಲ ಬಹಳ ಸಂಕಟವಾಯಿತು’ ಎಂದು ಬರೆದೆವು. ಮನೆತನದ ನಂಬಿಕೆ ತಿಳಿಯದಿದ್ದರೆ ‘ತೀರಿಕೊಂಡ’ ಎಂದರೆ ಸಾಕು. ಅದು ಎಲ್ಲರಿಗೂ ಒಪ್ಪುತ್ತದೆ.

ಎರಡನೆಯದು ಆತ್ಮಕ್ಕೆ ಶಾಂತಿ ಕೋರುವ ಸಾಲು. ಲಿಂಗೈಕ್ಯವೆಂದರೆ ಲಿಂಗದಲ್ಲಿ ಒಂದಾಗುವುದು. ಹಾಗೆ ಒಂದಾದವರಿಗೆ ಮತ್ತೆ ಶಾಂತಿ ಬೇಡಿದರೆ ಮೊದಲ ಮಾತನ್ನೇ ಅಲ್ಲಗಳೆದಂತೆ. ಆದ್ದರಿಂದ ಹಾರೈಕೆಯನ್ನು ಉಳಿದವರ ಕಡೆಗೆ ತಿರುಗಿಸಿದೆವು: ‘ಈ ದುಃಖವನ್ನು ತಡೆದುಕೊಳ್ಳುವ ಶಕ್ತಿಯನ್ನು ಶಿವನು ನಿಮಗೆ ಕೊಡಲಿ.’

‘ಏನಾದರೂ ಬೇಕಿದ್ದರೆ ತಿಳಿಸಿ’ ಎಂಬ ಕೊನೆಯ ಸಾಲು ಕನ್ನಡದಲ್ಲಿ ಉಪಚಾರದ ಮಾತಾಗಿಬಿಡುತ್ತದೆ. ದುಃಖದಲ್ಲಿರುವವರು ಬಾಯಿಬಿಟ್ಟು ಕೇಳುವುದಿಲ್ಲ. ನಿಜವಾಗಿ ಏನು ಮಾಡಬಲ್ಲಿರಿ ಎಂದು ಬರೆದವರನ್ನೇ ವಿಚಾರಿಸಿದೆವು. ಅವರು ಹೇಳಿದ್ದನ್ನೇ ಸೇರಿಸಿದೆವು: ‘ಅಮ್ಮಾ, ಹದಿನೈದು ದಿನ ನಿಮ್ಮ ಮಗನ ಕೆಲಸವನ್ನು ನಾವು ನೋಡಿಕೊಳ್ಳುತ್ತೇವೆ. ಅವರು ನಿಮ್ಮ ಹತ್ತಿರವೇ ಇರಲಿ.’