ಹಿಂದಿನ ಮೂರು ಮನೆ

ನಂದೊಳ್ಳಿಯ ಶಾಲೆಯ ಬಹುಮಾನ ವಿತರಣೆಗೆ ನಾವಿಬ್ಬರು ಹೋಗಿದ್ದು ನಾಲ್ಕು ಸಾಲಿನ ಸುದ್ದಿ ಬರೆಯಲಿಕ್ಕೆ. ಯಾರಿಗೆ ಪ್ರಥಮ, ಯಾರಿಗೆ ದ್ವಿತೀಯ, ಅಧ್ಯಕ್ಷತೆ ವಹಿಸಿದವರು ಯಾರು, ವಂದನಾರ್ಪಣೆ ಯಾರದ್ದು. ಇಷ್ಟು ಬರೆದುಕೊಂಡರೆ ನಮ್ಮ ಕೆಲಸ ಮುಗಿಯುತ್ತಿತ್ತು. ಆದರೆ ಚೆಸ್ ಕಲಿಸುವ ಸರ್ ಮಾತಿಗೆ ನಿಂತ ಮೇಲೆ ಪುಸ್ತಕದಲ್ಲಿ ಬರೆದಿದ್ದನ್ನೆಲ್ಲ ಹೊಡೆದು ಹಾಕಿ ಮತ್ತೆ ಬರೆಯಬೇಕಾಯಿತು.

ಸರ್ ಮೈಕ್ ಮುಂದೆ ಬರುವಾಗ ಕೈಯಲ್ಲಿ ಭಾಷಣದ ಚೀಟಿ ಇರಲಿಲ್ಲ. ಮಡಚಿ ಮಡಚಿ ಮೆತ್ತಗಾದ ಒಂದು ಹಾಳೆ ಇತ್ತು. ಆಟಗಾರರು ತಮ್ಮ ಮತ್ತು ಎದುರಾಳಿಯ ಪ್ರತಿ ನಡೆಯನ್ನೂ ಬರೆದಿಡುವ ಹಾಳೆ ಅದು. "ಗೆದ್ದವರಿಗೆ ಆಗಲೇ ಚಪ್ಪಾಳೆ ಬಿದ್ದಿದೆ. ನಾನು ಇವತ್ತು ಒಂದು ಸೋತ ಆಟದ ಬಗ್ಗೆ ಮಾತಾಡ್ತೇನೆ. ಆಡಿದವಳ ಒಪ್ಪಿಗೆ ಕೇಳಿಯೇ ತಂದಿದ್ದೇನೆ" ಎಂದರು.

ಆಡಿದವಳು ಎಂಟನೇ ತರಗತಿಯ ಹುಡುಗಿ. ತಾಲೂಕು ಮಟ್ಟದ ಕೊನೆಯ ಸುತ್ತಿನಲ್ಲಿ ಅರ್ಧ ಅಂಕ ಸಿಕ್ಕಿದ್ದರೂ ಮುಂದಿನ ಹಂತಕ್ಕೆ ಹೋಗುತ್ತಿದ್ದಳು. ಸೋತಳು. ಆಮೇಲೆ ಮೂರು ವಾರ ಬೋರ್ಡ್ ಮುಟ್ಟಲಿಲ್ಲವಂತೆ. ಅವಳ ಆಯಿ ನಮ್ಮ ಹಿಂದಿನ ಬೆಂಚಿನಲ್ಲೇ ಕೂತಿದ್ದರು. "ಎದುರಿನವ ಕಾಲಾಳನ್ನ ರಾಣಿ ಮಾಡಿಬಿಟ್ಟ, ಅದಕ್ಕೇ ಸೋತೆ ಅಂತ ದಿನಾ ಒಂದೇ ಮಾತು" ಎಂದು ಅವರು ಪಕ್ಕದವರಿಗೆ ಹೇಳುತ್ತಿದ್ದದ್ದು ನಮಗೂ ಕೇಳಿಸಿತು.

ಸರ್ ಹಿಡಿದದ್ದು ಇದೇ ಮಾತನ್ನು. "ರಾಣಿ ಬಂದಿದ್ದಕ್ಕೆ ಸೋತೆ ಅಂತ ಅವಳು ಹೇಳ್ತಾಳೆ. ತೋಟದಲ್ಲಿ ಉದುರಿದ ಅಡಿಕೆ ಆರಿಸುವಾಗ ನಾವು ಕೊಳೆ ಬಂತು ಅಂತೇವೆ. ಕೊಳೆ ಬಂದದ್ದು ಅವತ್ತಲ್ಲ. ಎರಡನೇ ಸಲದ ಮದ್ದು ಹೊಡೆಯೋದು ತಡ ಆದ ವಾರದಲ್ಲೇ ಬಂದಿತ್ತು. ಈ ಆಟ ಸೋತದ್ದು ಯಾವ ವಾರದಲ್ಲಿ ಅಂತ ಹುಡುಕೋಣ."

ಅವರು ಕಪ್ಪು ಹಲಗೆಯ ಮೇಲೆ ಅರವತ್ತನಾಲ್ಕು ಮನೆ ಬರೆದರು. ಕೆಳಗೆ a ಯಿಂದ h ವರೆಗೆ ಅಕ್ಷರ, ಬದಿಯಲ್ಲಿ 1 ರಿಂದ 8 ರವರೆಗೆ ಅಂಕಿ. ಹುಡುಗಿಯದ್ದು ಕಪ್ಪು ಕಾಯಿ. ಆಟ ಶುರುವಾಗುವಾಗ ಅವಳ ರಾಜ ಇರುವುದು ಮೇಲಿನ ಎಂಟನೇ ಸಾಲಿನಲ್ಲಿ. ಎದುರಾಳಿಯ ಕಾಲಾಳು ಕೆಳಗಿನಿಂದ ಮೇಲಕ್ಕೆ ನಡೆದು ಆ ಎಂಟನೇ ಸಾಲು ಮುಟ್ಟಿದರೆ ರಾಣಿಯಾಗುತ್ತದೆ. ಚೆಸ್ ಗೊತ್ತಿಲ್ಲದ ನಮ್ಮಂಥವರಿಗೆ ಇಷ್ಟು ತಿಳಿದರೆ ಸಾಕು ಎಂದರು ಸರ್.

ಮೊದಲು ಆಟದ ಕೊನೆಯ ಚಿತ್ರ ಬರೆದರು. ಬಿಳಿ ಕಾಲಾಳು ರಾಣಿಯಾಗಿದೆ. ಕಪ್ಪು ರಾಜ ಒಂಟಿ. ಇಲ್ಲಿಂದ ಒಂದೊಂದೇ ನಡೆ ಹಿಂದಕ್ಕೆ ಅಳಿಸುತ್ತ ಬಂದರು. ಪ್ರತಿ ಸಲವೂ ಒಂದೇ ಪ್ರಶ್ನೆ: "ಇಲ್ಲಿ ನಿನಗೆ ಬೇರೆ ದಾರಿ ಇತ್ತಾ?" ಒಂದು ಹಿಂದೆ, ಇರಲಿಲ್ಲ. ಇನ್ನೊಂದು ಹಿಂದೆ, ರಾಜನಿಗೆ ಹೋಗಲು ಇದ್ದದ್ದೇ ಒಂದು ಮನೆ, ಅಲ್ಲೂ ಇರಲಿಲ್ಲ. ಹೀಗೆ ಬರುತ್ತ ಒಂದು ಚಿತ್ರದ ಹತ್ತಿರ ಸರ್ ಸೀಮೆಸುಣ್ಣ ಕೆಳಗಿಟ್ಟರು.

ಹಲಗೆಯ ಮೇಲೆ ಉಳಿದದ್ದು ಮೂರೇ ಕಾಯಿ. ಅವಳ ಕಪ್ಪು ರಾಜ e7 ಮನೆಯಲ್ಲಿ. ಅದರ ಮೂಗಿನ ಎದುರಿಗೆ, e6 ರಲ್ಲಿ, ಬಿಳಿ ಕಾಲಾಳು. ಕಾಲಾಳಿನ ಬೆನ್ನಿಗೆ, e5 ರಲ್ಲಿ, ಬಿಳಿ ರಾಜ. ನಡೆ ಕಪ್ಪಿನದ್ದು. ಕಾಲಾಳನ್ನು ಹೊಡೆಯುವಂತಿಲ್ಲ, ಅದಕ್ಕೆ ಬಿಳಿ ರಾಜನ ಕಾವಲಿದೆ. ಅಕ್ಕಪಕ್ಕಕ್ಕೂ ಹೋಗುವಂತಿಲ್ಲ. ಉಳಿದದ್ದು ಹಿಂದಿನ ಮೂರು ಮನೆ: ನೇರ ಹಿಂದೆ e8, ಒಂದು ಬದಿಗೆ d8, ಇನ್ನೊಂದು ಬದಿಗೆ f8.

"ಮೂರೂ ಒಂದೇ ತರ ಕಾಣ್ತದೆ. ಅವಳು d8 ಗೆ ಹೋದಳು. ಯಾಕೆ ತಂಗಿ?"

ಹುಡುಗಿ ಕೂತಲ್ಲಿಂದಲೇ ಹೇಳಿದಳು, "ಎಲ್ಲಾ ಒಂದೇ ಅಂದ್ಕಂಡೆ ಸರ್. ಟೈಮ್ ಬೇರೆ ಕಮ್ಮಿ ಇತ್ತು."

ಸರ್ ಆ ನಡೆಯನ್ನು ಆಡಿ ತೋರಿಸಿದರು. ಕಪ್ಪು ರಾಜ d8 ಗೆ ಹೋದ ಕೂಡಲೇ ಬಿಳಿ ರಾಜ ಅದೇ ಸಾಲಿಗೆ, d6 ಗೆ ಬಂದು ಎದುರು ನಿಂತ. ಇಬ್ಬರ ನಡುವೆ ಒಂದೇ ಮನೆ ಖಾಲಿ, ಮತ್ತು ಈಗ ಜಾಗ ಬಿಡಬೇಕಾದ್ದು ಕಪ್ಪು. ಕಪ್ಪು e8 ಗೆ ಬಂತು. ಬಿಳಿ ಕಾಲಾಳು e7 ಗೆ ಏರಿತು. ಕಪ್ಪಿಗೆ ಉಳಿದದ್ದು f7 ಒಂದೇ. ಬಿಳಿ ರಾಜ d7 ಗೆ ಬಂದು ದಾರಿ ಕಾಯ್ದ. ಮುಂದಿನ ನಡೆಗೆ ರಾಣಿ.

ಆಮೇಲೆ ಚಿತ್ರವನ್ನು ಮೊದಲಿನಂತೆಯೇ ಬರೆದು ಹುಡುಗಿಯನ್ನು ಹಲಗೆಯ ಹತ್ತಿರ ಕರೆದರು. ಅವಳು ಸೀಮೆಸುಣ್ಣ ಹಿಡಿದು ಸ್ವಲ್ಪ ಹೊತ್ತು ನಿಂತಳು. ನಂತರ ರಾಜನನ್ನು ನೇರ ಹಿಂದಕ್ಕೆ, e8 ಗೆ ಇಟ್ಟಳು. ಸರ್ ಬಿಳಿ ರಾಜನನ್ನು d6 ಗೆ ತಂದರು. ಈ ಸಲ ಅವಳ ರಾಜನೇ d8 ಗೆ ಸರಿದು ಎದುರು ನಿಂತ. ಸರ್ ಕಾಲಾಳನ್ನು e7 ಗೆ ತಳ್ಳಿ ಚೆಕ್ ಕೊಟ್ಟರು. ಅವಳು e8 ಗೆ ಬಂದಳು. ಕಾಲಾಳನ್ನು ಉಳಿಸಿಕೊಳ್ಳಬೇಕೆಂದರೆ ಬಿಳಿ ರಾಜ e6 ಗೆ ಬರಲೇಬೇಕು. ಬಂದ. ಈಗ ಅವಳ ರಾಜನಿಗೆ ಚೆಕ್ ಇಲ್ಲ, ಆದರೆ ಕಾಲಿಡಲು ಒಂದು ಮನೆಯೂ ಇಲ್ಲ. ಅದು ಸ್ಟೇಲ್‌ಮೇಟ್, ಆಟ ಡ್ರಾ. ಅವಳಿಗೆ ಬೇಕಿದ್ದ ಅರ್ಧ ಅಂಕ ಅಲ್ಲಿತ್ತು.

ಸಭೆಯಲ್ಲಿ ಸದ್ದಿರಲಿಲ್ಲ. ಚೆಸ್ ಬಾರದ ನಮಗೂ ಹೊಟ್ಟೆಯಲ್ಲಿ ಕಲಕಿದಂತಾಯಿತು. ಒಂದು ಮನೆ ಪಕ್ಕಕ್ಕೆ ಇಟ್ಟ ಹೆಜ್ಜೆಗೆ ಇಷ್ಟು ಬೆಲೆಯೇ?

ಸರ್ ಕಾರಣ ಬಿಡಿಸಿ ಹೇಳಿದರು. ನೇರ ಹಿಂದೆ ನಿಂತರೆ ಬಿಳಿ ರಾಜ ಎಡಕ್ಕೆ ಬಂದರೂ ಬಲಕ್ಕೆ ಬಂದರೂ ನೀನು ಅದೇ ಬದಿಗೆ ಸರಿದು ಅವನಿಗೆ ಎದುರಾಗಬಹುದು. ಮೊದಲೇ ಒಂದು ಬದಿಗೆ ಹೋಗಿಬಿಟ್ಟರೆ ಎದುರಾಗುವ ಅವಕಾಶವನ್ನು ಅವನಿಗೆ ಕೊಟ್ಟಂತೆ. ಇಬ್ಬರು ರಾಜರು ಒಂದು ಮನೆ ಬಿಟ್ಟು ಎದುರೆದುರು ನಿಂತಾಗ, ಯಾರ ನಡೆಯೋ ಅವರಿಗೇ ನಷ್ಟ.

"ಆದರೆ ಇದನ್ನೇ ಮಂತ್ರ ಮಾಡ್ಕೊಳ್ಳಬೇಡಿ" ಎಂದು ಇನ್ನೊಂದು ಚಿತ್ರ ಬರೆದರು. ಕಪ್ಪು ರಾಜ ಅದೇ e8 ರಲ್ಲಿ. ಆದರೆ ಬಿಳಿ ರಾಜ ಕಾಲಾಳಿನ ಹಿಂದಿಲ್ಲ, ಮುಂದಿದ್ದಾನೆ: ರಾಜ e6 ರಲ್ಲಿ, ಕಾಲಾಳು e5 ರಲ್ಲಿ. ಇಲ್ಲಿ ನಡೆ ಯಾರದ್ದೇ ಇರಲಿ, ಕಪ್ಪು ಎಷ್ಟು ಸರಿಯಾಗಿ ಆಡಿದರೂ ಸೋಲುತ್ತದೆ. "ಇದು ನಿಜವಾಗಿ ಸೋತ ಜಾಗ. ಇಲ್ಲಿ ಬಂದು ನಿಂತು ಯಾವ ನಡೆ ತಪ್ಪಾಯ್ತು ಅಂತ ತಲೆ ಕೆಡಿಸಿಕೊಂಡರೆ ಉತ್ತರ ಸಿಗೋದಿಲ್ಲ, ಇನ್ನೂ ಹಿಂದಕ್ಕೆ ಹೋಗಬೇಕು. ಸೋತ ಜಾಗ ಯಾವುದು, ಸೋತ ಹಾಗೆ ಕಾಣುವ ಜಾಗ ಯಾವುದು ಅಂತ ಬೇರೆ ಮಾಡೋದೇ ಕಲಿಕೆ."

ಮತ್ತೆ ಅವಳ ಆಟಕ್ಕೆ ಬಂದರು. ಮೂರು ಕಾಯಿಯ ಚಿತ್ರಕ್ಕಿಂತ ಸ್ವಲ್ಪ ಮೊದಲು ಇಬ್ಬರ ಹತ್ತಿರವೂ ಒಂದೊಂದು ಆನೆ ಇತ್ತಂತೆ. ಎದುರಾಳಿಗೆ ಒಂದು ಕಾಲಾಳು ಹೆಚ್ಚು. ಆನೆಗೆ ಆನೆ ಕೊಟ್ಟು ಕಾಯಿ ಕಡಿಮೆ ಮಾಡಿದರೆ ಡ್ರಾ ಸುಲಭ ಎಂದು ಅವಳು ತಾನಾಗಿಯೇ ಬದಲಿ ಮಾಡಿದಳು. ಆ ನಡೆಗೆ ಆಟ ಸೋಲಲಿಲ್ಲ. ಆದರೆ ಆನೆ ಇದ್ದಾಗ ದೂರದಿಂದ ಚೆಕ್ ಕೊಡುತ್ತ, ಕಾಲಾಳಿನ ದಾರಿ ತಡೆಯುತ್ತ ಒಂದೆರಡು ಸಣ್ಣ ತಪ್ಪು ಮಾಡಿಯೂ ಉಳಿಯಬಹುದಿತ್ತು. ಆನೆ ಹೋದ ಮೇಲೆ ಮೂರರಲ್ಲಿ ಒಂದೇ ಮನೆಗೆ ಬಂದು ನಿಂತಿತು. ಕಾಲಾಳು ಕಡಿಮೆ ಇರುವವರು ಕಾಲಾಳಿಗೆ ಕಾಲಾಳು ಬದಲಿ ಮಾಡಬೇಕು, ದೊಡ್ಡ ಕಾಯಿಗಳನ್ನು ಇಟ್ಟುಕೊಳ್ಳಬೇಕು ಎಂದರು.

"ಇದು ಎಂಟನೇ ತರಗತಿಯವರು ಮಾತ್ರ ಮಾಡುವ ತಪ್ಪು ಅಂದ್ಕೊಳ್ಳಬೇಡಿ" ಎಂದು ಸರ್ ಹೇಳಿದ ಕಥೆ ಸಿಂಗಾಪುರದ್ದು. 2024 ರ ಡಿಸೆಂಬರ್ 12, ವಿಶ್ವ ಚಾಂಪಿಯನ್‌ಶಿಪ್‌ನ ಹದಿನಾಲ್ಕನೇ ಆಟ. ಚೀನಾದ ಡಿಂಗ್ ಲಿರೆನ್ ಮತ್ತು ನಮ್ಮ ಗುಕೇಶ್ ತಲಾ ಆರೂವರೆ ಅಂಕದಲ್ಲಿ ಸಮ. ಇಬ್ಬರ ಬಳಿಯೂ ಆನೆ, ಒಂಟೆ ಮತ್ತು ಕಾಲಾಳುಗಳು, ಗುಕೇಶ್‌ಗೆ ಒಂದು ಕಾಲಾಳು ಹೆಚ್ಚು. ಡ್ರಾ ಆಗುವ ಲಕ್ಷಣವೇ ಇತ್ತು. 55ನೇ ನಡೆಯಲ್ಲಿ ಡಿಂಗ್ ತಮ್ಮ ಆನೆಯನ್ನು f2 ಗೆ ತಂದು ಆನೆಗೆ ಆನೆ ಬದಲಿ ಕೊಟ್ಟರು. ಅವರ ಒಂಟೆ a8 ಮೂಲೆಯಲ್ಲಿತ್ತು. ಆನೆಗಳು ಹೋದ ಮೇಲೆ ಗುಕೇಶ್ ತಮ್ಮ ಒಂಟೆಯನ್ನು d5 ಗೆ, ಅದೇ ಓರೆ ಸಾಲಿಗೆ ತಂದು ನಿಲ್ಲಿಸಿದರು. ಮೂಲೆಯ ಒಂಟೆಗೆ ತಪ್ಪಿಸಿಕೊಳ್ಳಲು ಜಾಗವೇ ಇರಲಿಲ್ಲ, ಅದೂ ಬದಲಿಯಾಯಿತು. ಉಳಿದದ್ದು ರಾಜರು ಮತ್ತು ಕಾಲಾಳುಗಳು, ಅದರಲ್ಲಿ ಒಂದು ಗುಕೇಶ್‌ಗೆ ಹೆಚ್ಚು. 58ನೇ ನಡೆಗೆ ಡಿಂಗ್ ಸೋಲೊಪ್ಪಿದರು. ಹದಿನೆಂಟರ ಹುಡುಗ ವಿಶ್ವ ಚಾಂಪಿಯನ್ ಆದ.

"ಆ ರಾತ್ರಿ ನಾವೆಲ್ಲ ಗುಕೇಶ್ ಅತ್ತದ್ದನ್ನು ಫೋನಿನಲ್ಲಿ ನೋಡಿದೆವು" ಎಂದರು ಸರ್. "ನಾನು ಮಾರನೇ ದಿನ ಕ್ಲಾಸಿನಲ್ಲಿ ತೋರಿಸಿದ್ದು ಡಿಂಗ್ ಅವರ ಆನೆಯನ್ನು. ಕೊನೆಯಲ್ಲಿ ಉಳಿದ ಕಾಲಾಳುಗಳ ಆಟ ಸೋತದ್ದು ಅಂತ ಅವರಿಗೆ ಗೊತ್ತಿಲ್ಲದೇ ಇಲ್ಲ. ಬದಲಿ ಮಾಡುವ ಮೊದಲು, ಎಲ್ಲಾ ಹೋದ ಮೇಲೆ ಏನು ಉಳಿಯುತ್ತೆ ಅಂತ ಒಂದು ಸಲ ನೋಡಲಿಲ್ಲ, ಅಷ್ಟೆ."

ಭಾಷಣ ಅಲ್ಲಿಗೇ ಮುಗಿಯಿತು. ಸರ್ ಹಾಳೆಯನ್ನು ಹುಡುಗಿಗೆ ವಾಪಸ್ ಕೊಟ್ಟರು. ಅವಳ ಹೆಸರು ಬಹುಮಾನದ ಪಟ್ಟಿಯಲ್ಲಿ ಇರಲಿಲ್ಲ, ಅವರು ಬಹುಮಾನವನ್ನೂ ಕೊಡಲಿಲ್ಲ. ಆ ಆಟ ಗೆದ್ದ ಹುಡುಗನಿಗೂ e8 ಗೊತ್ತಿರಲಿಲ್ಲ ಎಂದು ಮಾತ್ರ ಹೇಳಿದರು. ಅವಳ ರಾಜ d8 ಗೆ ಹೋದಾಗ ತಾನು ಗೆದ್ದೆ ಎಂಬುದೂ ಅವನಿಗೆ ತಿಳಿದಿರಲಿಲ್ಲವಂತೆ. ಈಗ ಇಬ್ಬರಲ್ಲಿ ಅದು ಗೊತ್ತಿರುವುದು ಸೋತವಳಿಗೆ.

ಕಾರ್ಯಕ್ರಮ ಮುಗಿದ ಮೇಲೆ ಮಂಡಕ್ಕಿ, ಚಾ ಕೊಟ್ಟರು. ಹುಡುಗಿ ಹಲಗೆಯ ಹತ್ತಿರ ಇನ್ನಿಬ್ಬರು ಸಣ್ಣ ಮಕ್ಕಳನ್ನು ನಿಲ್ಲಿಸಿಕೊಂಡು ಬಿಳಿ ರಾಜನನ್ನು ಈ ಸಲ f6 ಗೆ ತಂದು ತೋರಿಸುತ್ತಿದ್ದಳು. "ಅವ ಅಲ್ಲಿಗೆ ಬಂದ್ರೆ ನೀ f8 ಗೆ ಹೋಗು" ಎನ್ನುವುದು ಕೇಳಿಸಿತು. ಅವಳ ಆಯಿ ಬಾಗಿಲಲ್ಲಿ ನಿಂತು ಕಾಯುತ್ತಿದ್ದರು, ಕರೆಯಲಿಲ್ಲ.

ನಮ್ಮ ಪುಸ್ತಕದಲ್ಲಿ ಪ್ರಥಮ, ದ್ವಿತೀಯ, ತೃತೀಯ ಬಂದವರ ಹೆಸರು ಇದ್ದವು. ತಾಲೂಕು ಪಂದ್ಯದ ಸುದ್ದಿಯನ್ನೂ ಬರೆದವರು ನಾವೇ. ಆ ಆಟವನ್ನು ಅದರಲ್ಲಿ ಒಂದೇ ಸಾಲಿನಲ್ಲಿ ಮುಗಿಸಿದ್ದೆವು: 'ಕೊನೆಯ ಸುತ್ತಿನಲ್ಲಿ ಸುಲಭ ಜಯ.' ಸುಲಭ ಎಂಬ ಮಾತು ತಪ್ಪಾಗಿತ್ತು. ಅದನ್ನು ಇಲ್ಲಿ ತಿದ್ದುತ್ತಿದ್ದೇವೆ.

ಮನೆಯಲ್ಲಿ ಬೋರ್ಡ್ ಇದ್ದರೆ ಮೂರು ಕಾಯಿ ಇಟ್ಟು ನೀವೂ ಆಡಿ ನೋಡಿ: ಕಪ್ಪು ರಾಜ e7, ಬಿಳಿ ಕಾಲಾಳು e6, ಬಿಳಿ ರಾಜ e5, ನಡೆ ಕಪ್ಪಿನದ್ದು. ಮೊದಲು d8 ಗೆ ಹೋಗಿ ಸೋಲಿ. ಆಮೇಲೆ e8 ಗೆ ಹೋಗಿ.