ಎದುರು ಮನಿ ಬಾಗಿಲಿಗಿ ಒಂದು ಚೀಟಿ

ಬಾಗಿಲಿಗಿ ಚೀಟಿ ಕಟ್ಟೋ ರೂಢಿ ನಮ್ಮ ಕಡಿ ಮೊದಲ ಇದ್ದಿದ್ದಿಲ್ಲ. ಓಣ್ಯಾಗ ಹೊಸಬರು ಬಂದ್ರ ಸಾಮಾನಿನ ಗಾಡಿ ನಿಂತ ಕೂಡ್ಲೆ ಎಲ್ಲಾರಿಗೂ ಗೊತ್ತಾಗ್ತಿತ್ತು. ಕಟ್ಟಿ ಮ್ಯಾಲ ಕುಂತವರು ಯಾರರೆ ಎದ್ದು ಒಂದು ಕೊಡ ನೀರು ತಂದು ಕೊಡ್ತಿದ್ರು. ಕೊಡ ಕೆಳಗ ಇಡೋದ್ರಾಗ, "ಎಲ್ಲಿಂದ ಬಂದ್ರಿ? ಯಾರ ಪೈಕಿ?" ಅಂತ ಕೇಳಿಬಿಡ್ತಿದ್ರು. ಅಪಾರ್ಟ್‌ಮೆಂಟಿನಾಗ ಕಟ್ಟಿ ಇಲ್ಲ, ಬಾಗಿಲು ಸದಾ ಮುಚ್ಚಿರ್ತಾವ. ಹೊಸಬರಿಗಿ ಆ ಪ್ರಶ್ನೆ ತಪ್ಪಿತು ಖರೇ, ಕೊಡ ನೀರೂ ತಪ್ಪಿತು.

ಕಲಬುರಗಿಯ ನಮ್ಮ ಕಟ್ಟಡದಾಗ ಮೂರನೇ ಅಂತಸ್ತಿನ ಎದುರು ಮನಿಗಿ ಕಮಲಾಪುರದಿಂದ ಒಂದು ಸಂಸಾರ ಬರ್ತದ ಅಂತ ವಾಚ್‌ಮನ್ ಹೇಳಿದ. ಕಮಲಾಪುರ ಅಂದ್ರ ದೂರ ಏನಿಲ್ಲ, ಹುಮನಾಬಾದ ರಸ್ತಾದ ಮ್ಯಾಲ ಮಹಾಗಾಂವ ದಾಟಿ ಹೋದ್ರ ಬರ್ತದ, ಕೆಂಪು ಬಾಳಿಹಣ್ಣಿನ ಊರು. ಗಂಡ, ಹೆಂಡತಿ, ಎರಡು ಮಕ್ಕಳು, ವಯಸ್ಸಾದ ಅತ್ತಿ. ಅಷ್ಟೇ ನಮಗ ಗೊತ್ತಿತ್ತು. ಅವರು ಬರೋ ದಿನ ಸಂಜಿತನಕ ನಮ್ಮ ಮನ್ಯಾಗ ಯಾರೂ ಇರೋದಿಲ್ಲ ಅಂತ, ಒಂದು ಚೀಟಿ ಬರದು ಬಾಗಿಲಿಗಿ ಕಟ್ಟೋಣು ಅಂತ ನನ್ನ ಸೊಸಿ ಅಂದಳು.

ಮೊದಲ ನನ್ನ ಮಗ ಬರದ. ಹನ್ನೊಂದು ಸಾಲು. ಚಪ್ಪಲಿ ಹೊರಗ ಬಿಡಬ್ಯಾಡ್ರಿ, ಗಾಡಿ ನಿಮ್ಮ ಜಾಗದಾಗೇ ನಿಲ್ಲಿಸ್ರಿ, ಹಸಿ ಕಸ ಒಣ ಕಸ ಬ್ಯಾರೆ ಇಡ್ರಿ, ರಾತ್ರಿ ಹತ್ತರ ಮ್ಯಾಲ ಗದ್ದಲ ಬ್ಯಾಡ. ಸೊಸಿ ಓದಿ, "ಇದು ನೋಟೀಸ್ ಆಯ್ತು. ಇದನ್ನ ಓದಿದವರು ನಮ್ಮ ಬಾಗಿಲು ಬಡಿಯೋದಿರ್ಲಿ, ನಮ್ಮ ಮುಖಾನೂ ನೋಡಂಗಿಲ್ಲ" ಅಂದಳು. ಆಮ್ಯಾಲ ನಾವು ಒಂದು ಲೆಕ್ಕ ಹಾಕಿದ್ವಿ. ಬಂದ ದಿನ ರಾತ್ರಿ ಮತ್ತು ಮರುದಿನ ಮುಂಜಾನಿ ಯಾವುದು ಗೊತ್ತಿಲ್ದಿದ್ರ ತ್ರಾಸ ಆಗ್ತದೋ ಅಷ್ಟೇ ಬರಿಯೋದು. ಹಂಗ ನೋಡಿದ್ರ ಮೂರೇ ಉಳದ್ವು: ನೀರು, ಲಿಫ್ಟು, ಊಟ.

ನೀರೇ ಮೊದಲ. ನಮ್ಮ ಅಡಗಿ ಮನ್ಯಾಗ ಎರಡು ನಳ ಅವ. ಒಂದು ಬೋರಿಂದು, ಯಾವಾಗಲೂ ಬರ್ತದ. ಇನ್ನೊಂದು ಊರ ನೀರಿಂದು, ನಾಲ್ಕು ದಿನಕ್ಕೊಮ್ಮಿ ಮುಂಜಾನಿ ಐದಕ್ಕ ಒಂದು ತಾಸು ಅಷ್ಟೇ. ನೋಡ್ಲಿಕ್ಕೆ ಎರಡೂ ನೀರು ಒಂದೇ. ಆದ್ರ ಬೋರಿನ ನೀರು ಗಡಸು. ಅದ್ರಾಗ ತೊಗರಿ ಬ್ಯಾಳಿ ಇಟ್ರ ಎಷ್ಟು ಸೀಟಿ ಹೊಡದ್ರೂ ಕಾಳು ಕಾಳೇ ನಿಂದ್ರತಾವ. ನೀರಿನಾಗಿನ ಸುಣ್ಣದಂಶ ಬ್ಯಾಳಿ ಮೆತ್ತಗಾಗ್ಲಿಕ್ಕೆ ಬಿಡಂಗಿಲ್ಲ. ಪಾತೇಲಿ ತಳಕ್ಕ ಬೆಳ್ಳಗ ಹಕ್ಕಳಿ ಕಟ್ಟತದಲ್ಲ, ಅದೇ ಗುರ್ತು. ತೊಗರಿ ಕಣಜ ಅನ್ನಿಸ್ಕೊಂಡ ಜಿಲ್ಲಾದಾಗ ಹೊಸ ಮನಿಯ ಮೊದಲನೇ ಬ್ಯಾಳಿ ಬೇಯಲಿಲ್ಲಂದ್ರ ಏನಾಗ್ತದ? ಅತ್ತಿ ಸೊಸಿಗಿ ಅಂತಾಳ, ಸೊಸಿ ಅಂಗಡಿಯವಗ ಅಂತಾಳ. ತಪ್ಪು ಇಬ್ಬರದೂ ಅಲ್ಲ, ನಳದ್ದು.

ಇದನ್ನ ಬರಿಯೋದ್ರಾಗ ಮ್ಯಾಲಿನ ಮನಿ ಕಾಕು ಬಂದ್ರು. ಚೀಟಿ ನೋಡಿ, "ಅವ್ವಾ, ಮೊದಲ ಅವರು ಯಾರ ಪೈಕಿ ಅಂತ ತಿಳಕೋ. ಆಮ್ಯಾಲ ಊಟಕ್ಕ ಕರಿ" ಅಂದ್ರು. ಅವರು ಕೆಟ್ಟವರಲ್ಲ, ನನಗ ಜ್ವರ ಬಂದಾಗ ಮೂರು ದಿನ ಗಂಜಿ ಮಾಡಿ ಕೊಟ್ಟವರು. ನಾ ಅಂದೆ, "ಕಾಕು, ಬೋರಿನ ನೀರು ಎಲ್ಲಾರಿಗೂ ಗಡಸೇ ಅದ." ಅವರು ಸುಮ್ಮನಾದ್ರು, ಒಪ್ಪಲಿಲ್ಲ.

ಆದ್ರ ಅವರ ಮಾತಿನಾಗ ವಿಚಾರ ಮಾಡೋದೊಂದು ಇತ್ತು. ನಮ್ಮ ಮನಿ ಊಟ ಅವರು ಉಣ್ತಾರೋ ಇಲ್ಲೋ ನಮಗ ಗೊತ್ತಿಲ್ಲ. ವಾರ ಹಿಡದಿರಬಹುದು, ಬ್ಯಾರೆಯವರ ಮನಿದು ಉಣ್ಣದೇ ಇರಬಹುದು, ಇಲ್ಲಾ ದಣದಿರಬಹುದು. ಡಬ್ಬಿ ಕೈಯಾಗ ಹಿಡಕೊಂಡು ಎದುರಿಗಿ ಹೋಗಿ ನಿಂತ್ರ ಬ್ಯಾಡನ್ನಲಿಕ್ಕೆ ಅವರಿಗಿ ನಾಚಿಕಿ, ಕೇಳಿಸ್ಕೊಳ್ಳಲಿಕ್ಕೆ ನಮಗ ನಾಚಿಕಿ. ಚೀಟಿಗಿ ಯಾರೂ ಉತ್ತರ ಕೊಡಬೇಕಾಗಿಲ್ಲ. ಬ್ಯಾಡ ಅನ್ನೋರಿಗಿ ಅದ್ರಾಗ ಜಾಗ ಇರ್ತದ. ಕಡಿಗಿ ಚೀಟಿ ಹಿಂಗ ಆಯ್ತು:

"ನಮಸ್ಕಾರ್ರಿ. ನಾವು ನಿಮ್ಮ ಎದುರು ಮನಿಯವರು. ಅಡಗಿ ಮನ್ಯಾಗ ಎಡಗಡಿ ನಳ ಬೋರಿಂದು, ಅದ್ರಾಗ ಬ್ಯಾಳಿ ಬೇಯಂಗಿಲ್ಲ. ಬಲಗಡಿ ನಳಕ್ಕ ನಾಳಿ ಮುಂಜಾನಿ ಐದಕ್ಕ ಊರ ನೀರು ಬರ್ತದ, ತುಂಬ್ಕೊಳ್ರಿ. ಇವತ್ತಿಗಿ ಎರಡು ಕೊಡ ನಿಮ್ಮ ಬಾಗಿಲ ಬಾಜೂಕ ಇಟ್ಟೀವಿ. ಕರೆಂಟ್ ಹೋದ್ರ ಲಿಫ್ಟು ನಿಂದರ್ತದ, ಅಂಜಬ್ಯಾಡ್ರಿ, ಕೆಂಪು ಗುಂಡಿ ಒತ್ತಿದ್ರ ವಾಚ್‌ಮನ್ ಬರ್ತಾನ. ರಾತ್ರಿಗಿ ರೊಟ್ಟಿ, ಪುಂಡಿ ಪಲ್ಯ ಮಾಡ್ತೀವಿ. ಬೇಕಂದ್ರ ಎಂಟರ ಮ್ಯಾಲ ಬಾಗಿಲು ಬಡೀರಿ. ಬ್ಯಾಡಂದ್ರೂ ಏನೂ ಅನ್ಕೊಳ್ಳಂಗಿಲ್ಲ."

ಕೆಳಗ ಸೊಸಿ ಫೋನ್ ನಂಬರ್ ಬರದು ಹಾಳಿ ಮಡಚಿದ್ಳು. ನಂಬರ್ ಒಳಮಗ್ಗಲಿಗೇ ಇರಬೇಕು, ಮೆಟ್ಟಲದಾಗ ಹೋಗಿ ಬರೋ ಎಲ್ಲಾರೂ ಓದೋ ಹಂಗ ಅಲ್ಲ. ಸಂಜಿತನಕ ನಮ್ಮ ಮನ್ಯಾಗ ಯಾರೂ ಇಲ್ಲ ಅನ್ನೋದನ್ನೂ ಬರೀಲಿಲ್ಲ, ಅದು ಕಳ್ಳರಿಗಿ ಹೇಳಿದಂಗ. "ಎಂಟರ ಮ್ಯಾಲ" ಅಂದ್ರ ಸಾಕು. ಬಾಗಿಲ ಸಂದ್ಯಾಗ ತಳ್ಳಿದ್ರ ತಿಜೋರಿ ಎಳಿಯೋವಾಗ ಹರದು ಹೋಗ್ತದ, ಟೇಪ್ ಹಚ್ಚಿದ್ರ ಹೊಸ ಬಣ್ಣ ಕಿತ್ತು ಬರ್ತದ. ಅದಕ್ಕ ದಾರ ಪೋಣಿಸಿ ಚಿಲಕಕ್ಕ ಕಟ್ಟಿದ್ವಿ. ಕೀಲಿ ತಗಿಯೋ ಕೈಗಿ ಅದೇ ಮೊದಲ ಸಿಗ್ತದ.

ಆ ರಾತ್ರಿ ಅವರು ಊಟಕ್ಕ ಬರಲಿಲ್ಲ. ಒಂಬತ್ತರತನಕ ರೊಟ್ಟಿ ಮುಚ್ಚಿಟ್ಟು ನಾವೇ ಉಂಡ್ವಿ. ಕಾಕು ಕೇಳಿದ್ರು, "ಬರಲಿಲ್ಲ ಹೌದಿಲ್ಲೋ?" ಹೌದಂದೆ. ಆದ್ರ ಮುಂಜಾನಿ ಐದಕ್ಕ ಎದುರು ಮನ್ಯಾಗ ಕೊಡದ ಸಪ್ಪಳ ಕೇಳಿಸ್ತು. ಚೀಟಿ ಓದ್ಯಾರ ಅಂತ ಅನ್ಕೊಂಡೆ. ಏಳಕ್ಕ ಆ ಮನಿ ಸೊಸಿ ನಮ್ಮ ಎರಡೂ ಕೊಡ ತೊಳದು, ಊರ ನೀರು ತುಂಬಿಸಿ ತಂದು ಇಟ್ಟಳು. "ಅಕ್ಕೋರ, ಗ್ಯಾಸ್ ಇನ್ನಾ ಬಂದಿಲ್ಲ. ಅತ್ತಿಗಿ ಗುಳಿಗಿ ತಗೊಳ್ಳಲಿಕ್ಕೆ ಒಂದು ಕಪ್ ಹಾಲು ಕಾಸಿ ಕೊಡ್ತೀರೇನು?" ಅಂದಳು. ಚೀಟಿ ಹತ್ತಿತೋ ಇಲ್ಲೋ ಅನ್ನೋದು ಥ್ಯಾಂಕ್ಸ್ ಅಂದ್ರ ಗೊತ್ತಾಗಂಗಿಲ್ಲ. ಏನರೆ ಸಣ್ಣದು ಕೇಳ್ಲಿಕ್ಕೆ ಬಂದ್ರ ಗೊತ್ತಾಗ್ತದ.

ಹದಿನೈದು ದಿನದ ಮ್ಯಾಲ ಆಕಿ ಊರಿಗಿ ಹೋಗಿ ಬರುವಾಗ ಕೆಂಪು ಬಾಳಿಹಣ್ಣು ತಂದಳು. ನಮ್ಮ ಮನಿಗಿ ಒಂದು ಡಜನ್, ಕಾಕು ಮನಿಗಿ ಅರ್ಧ ಡಜನ್. ಕಾಕು ಒಂದನ್ನ ಸುಲದು ಅಲ್ಲೇ ತಿಂದ್ರು. ಏನೂ ಕೇಳಲಿಲ್ಲ. ಅವರು ಯಾರ ಪೈಕಿ ಅನ್ನೋದು ಈಗ ನನಗ ಗೊತ್ತದ, ಮಾತಿನಾಗ ಮಾತು ಬಂದು ಆಕೀನೇ ಹೇಳ್ಯಾಳ. ಇಲ್ಲಿ ಬರಿಯಂಗಿಲ್ಲ.

ಮುಂದಿನ ತಿಂಗಳು ಎರಡನೇ ಅಂತಸ್ತಿಗಿ ಹೊಸಬರು ಬರ್ತಾರ. ಮೊನ್ನೆ ಆಕಿ ನಮ್ಮ ಚೀಟಿ ಹಿಡಕೊಂಡು ಬಂದಿದ್ಳು, ಇಷ್ಟು ದಿನ ಅಡಗಿ ಮನಿ ಕಪಾಟಿನ ಬಾಗಿಲಿಗಿ ಒಳಗಡಿ ಹಚ್ಚಿದ್ಳಂತ, ಎಣ್ಣಿ ಕಲಿ ಆಗ್ಯಾವ. "ಇದನ್ನೇ ನೋಡಿ ಬರೀತೀನಿ ಅಕ್ಕೋರ, ಒಂದು ಸಾಲು ಕೂಡಿಸ್ತೀನಿ" ಅಂದಳು. ಆಕಿ ಅತ್ತಿ ಮೊದಲನೇ ಎಂಟು ದಿನ ಮನಿ ಬಿಟ್ಟು ಹೊರಗ ಬಂದಿದ್ದಿಲ್ಲ, ಎಲ್ಲಿ ಹೋಗಿ ಕೂಡಬೇಕಂತ ಗೊತ್ತಾಗದೆ. ಆಕಿ ಕೂಡಿಸಿದ ಸಾಲು ಇದು: "ಸಂಜಿ ಐದಕ್ಕ ಹಿರ್ಯಾರೆಲ್ಲ ಗೇಟಿನ ಬಾಜೂಕ ಬೇವಿನ ಗಿಡದ ಕೆಳಗ ಕೂಡ್ತಾರ. ನಿಮ್ಮ ಮನ್ಯಾಗ ಹಿರ್ಯಾರು ಇದ್ರ ಕಳಸ್ರಿ, ನಮ್ಮ ಅತ್ತಿ ಅಲ್ಲೇ ಇರ್ತಾರ."